ಸಪಾಟು ಗೆರೆಗೆ ಶಾಕ್ ಕೊಡುವುದಿಲ್ಲ: ಆಸ್ಪತ್ರೆ ಸೀರಿಯಲ್‌ನ ‘ಕೋಡ್ ಬ್ಲೂ’ ದೃಶ್ಯದಲ್ಲಿ ನಿಜವೆಷ್ಟು, ಮಸಾಲೆ ಎಷ್ಟು?

ಆಸ್ಪತ್ರೆಯ ಕತೆ ಹೇಳುವ ಯಾವ ಸರಣಿಯನ್ನೇ ತೆಗೆದುಕೊಳ್ಳಿ, ಈ ದೃಶ್ಯ ಇದ್ದೇ ಇರುತ್ತದೆ. ಮಾನಿಟರ್ ಒಂದೇ ಸಮನೆ ಕೂಗಿಕೊಳ್ಳುತ್ತದೆ, ಹಸಿರು ಗೆರೆ ಸಪಾಟಾಗುತ್ತದೆ. ಡಾಕ್ಟರು ಎರಡು ಇಸ್ತ್ರಿ ಪೆಟ್ಟಿಗೆಯಂಥವನ್ನು ಕೈಗೆತ್ತಿಕೊಂಡು ಒಂದಕ್ಕೊಂದು ಉಜ್ಜಿ, ‘ಕ್ಲಿಯರ್’ ಎಂದು ಕೂಗಿ ಎದೆಗೆ ಇಡುತ್ತಾರೆ. ರೋಗಿ ಹಾಸಿಗೆಯಿಂದ ಅರ್ಧ ಅಡಿ ಮೇಲಕ್ಕೆ ಎಗರುತ್ತಾನೆ. ಮೂರನೇ ಸಲಕ್ಕೆ ಗೆರೆ ಕುಣಿಯತೊಡಗುತ್ತದೆ, ರೋಗಿ ಕಣ್ಣು ಬಿಟ್ಟು ಹೆಂಡತಿಯ ಹೆಸರು ಹಿಡಿದು ಕರೆಯುತ್ತಾನೆ.

ಒಟಿಟಿಯಲ್ಲಿ ಕೊರಿಯನ್ ಆಗಲಿ, ಅಮೆರಿಕನ್ ಆಗಲಿ, ಹಿಂದಿಯಾಗಲಿ, ಇಂಥ ಸರಣಿಗಳನ್ನು ರಾತ್ರಿಯೆಲ್ಲ ಕೂತು ನೋಡುವವರು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ನೋಡಿ ಮರೆತರೆ ತೊಂದರೆಯಿಲ್ಲ. ಆದರೆ ಐಸಿಯು ಬಾಗಿಲ ಹೊರಗೆ ನಿಂತ ಮನೆಯವರು ‘ಗೆರೆ ನೇರ ಆಗಿತ್ತಲ್ಲ, ಶಾಕ್ ಯಾಕೆ ಕೊಡ್ಲಿಲ್ಲ ಡಾಕ್ಟ್ರೇ?’ ಎಂದು ಕೇಳುವುದುಂಟು. ಆ ಪ್ರಶ್ನೆ ಹುಟ್ಟುವುದು ಈ ದೃಶ್ಯದಿಂದಲೇ. ಹಾಗಾಗಿ ಸೀರಿಯಲ್‌ನ ಉಳಿದೆಲ್ಲ ಪರಿಭಾಷೆಯನ್ನು ಪಕ್ಕಕ್ಕಿಟ್ಟು ಈ ಒಂದು ದೃಶ್ಯವನ್ನೇ ಪದ ಪದವಾಗಿ ಬಿಡಿಸಿ ನೋಡೋಣ.

ಅಟ್ಯಾಕ್ ಬೇರೆ, ಅರೆಸ್ಟ್ ಬೇರೆ

‘ಕೋಡ್ ಬ್ಲೂ’ ಎಂದರೆ ಆಸ್ಪತ್ರೆಯೊಳಗೆ ಯಾರದೋ ಹೃದಯ ಅಥವಾ ಉಸಿರು ನಿಂತಿದೆ, ಗೊತ್ತುಮಾಡಿದ ತಂಡ ತಕ್ಷಣ ಅಲ್ಲಿಗೆ ಬರಬೇಕು ಎಂಬ ಕರೆ. ನಮ್ಮ ದೊಡ್ಡ ಆಸ್ಪತ್ರೆಗಳಲ್ಲೂ ಮೈಕಿನಲ್ಲಿ ‘ಕೋಡ್ ಬ್ಲೂ, ಮೂರನೇ ಮಹಡಿ, ವಾರ್ಡ್ ಇಂಥದ್ದು’ ಎಂದು ಕೂಗುತ್ತಾರೆ. ಆಗ ತಳ್ಳಿಕೊಂಡು ಬರುವ ಚಕ್ರದ ಬೀರು ‘ಕ್ರ್ಯಾಶ್ ಕಾರ್ಟ್’. ಶಾಕ್ ಕೊಡುವ ಯಂತ್ರ, ಔಷಧಿ, ಗಂಟಲಿಗೆ ಹಾಕುವ ಟ್ಯೂಬು ಎಲ್ಲ ಅದರಲ್ಲಿರುತ್ತವೆ. ಡ್ರಾಯರ್‌ಗಳಿಗೆ ನಂಬರ್ ಇರುವ ಪ್ಲಾಸ್ಟಿಕ್ ಸೀಲ್ ಹಾಕಿರುತ್ತಾರೆ. ಸೀಲ್ ಒಡೆಯದೆ ಇದ್ದರೆ ಒಳಗಿನ ಸಾಮಾನನ್ನು ಯಾರೂ ಮುಟ್ಟಿಲ್ಲ ಎಂದರ್ಥ.

ಹಾರ್ಟ್ ಅಟ್ಯಾಕ್ ಎಂದರೆ ಹೃದಯದ ಮಾಂಸಕ್ಕೇ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಆಗ ಎದೆನೋವು ಬರುತ್ತದೆ, ಬೆವರು ಕಿತ್ತುಕೊಳ್ಳುತ್ತದೆ, ಆದರೆ ಹೃದಯ ಬಡಿಯುತ್ತಲೇ ಇರುತ್ತದೆ, ಮನುಷ್ಯ ಮಾತಾಡುತ್ತಲೂ ಇರಬಹುದು. ಕಾರ್ಡಿಯಾಕ್ ಅರೆಸ್ಟ್ ಎಂದರೆ ಹೃದಯ ರಕ್ತವನ್ನು ತಳ್ಳುವುದನ್ನೇ ನಿಲ್ಲಿಸಿದೆ, ನಾಡಿ ಇಲ್ಲ, ಪ್ರಜ್ಞೆ ಇಲ್ಲ. ಅಟ್ಯಾಕ್‌ನಿಂದ ಅರೆಸ್ಟ್ ಆಗಬಹುದು, ಆಗದೆಯೂ ಇರಬಹುದು. ನೀರಲ್ಲಿ ಮುಳುಗುವುದು, ಕರೆಂಟ್ ಹೊಡೆಯುವುದು, ವಿಪರೀತ ರಕ್ತಸ್ರಾವ, ಕಿಡ್ನಿ ಕೆಟ್ಟು ರಕ್ತದಲ್ಲಿ ಪೊಟ್ಯಾಸಿಯಂ ಏರುವುದು, ಇವುಗಳಿಂದಲೂ ಅರೆಸ್ಟ್ ಆಗುತ್ತದೆ. ಸೀರಿಯಲ್‌ನಲ್ಲಿ ಶಾಕ್, ಎದೆ ಒತ್ತುವುದು ಎಲ್ಲವೂ ಅರೆಸ್ಟಿಗೆ ಸಂಬಂಧಿಸಿದ್ದು. ಎದೆ ಹಿಡಿದುಕೊಂಡು ಮಾತಾಡುತ್ತಿರುವವರ ಎದೆ ಒತ್ತುವುದಿಲ್ಲ.

ಮಾನಿಟರ್ ಹೇಳುವ ನಾಲ್ಕು ಸ್ಥಿತಿ

ನಾಡಿ ನಿಂತವರ ಮಾನಿಟರ್‌ನಲ್ಲಿ ಕಾಣಿಸುವುದು ನಾಲ್ಕು ಬಗೆಯ ಚಿತ್ರ ಮಾತ್ರ. ಸೀರಿಯಲ್‌ನ ಡಾಕ್ಟರು ‘ವಿ-ಫಿಬ್’ ಎಂದು ಕೂಗುವುದು ವೆಂಟ್ರಿಕ್ಯುಲರ್ ಫಿಬ್ರಿಲೇಷನ್‌ಗೆ. ಹೃದಯದ ಕೆಳಕೋಣೆಗಳ ಸ್ನಾಯು ಒಂದೊಂದು ಎಳೆಯೂ ತನ್ನಷ್ಟಕ್ಕೆ ಅದುರುತ್ತಿರುತ್ತದೆ, ಒಟ್ಟಾಗಿ ಹಿಂಡುವುದಿಲ್ಲ. ಗೆರೆ ಅಡ್ಡಾದಿಡ್ಡಿ ಗೀಚಿದಂತಿರುತ್ತದೆ. ಎರಡನೆಯದು ‘ವಿ-ಟಾಕ್’, ಅಂದರೆ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ. ಇಲ್ಲಿ ಗೆರೆ ಅಗಲವಾಗಿ, ಕ್ರಮವಾಗಿ, ಆದರೆ ಅತಿ ವೇಗವಾಗಿ ಓಡುತ್ತದೆ, ಕೋಣೆ ತುಂಬಿಕೊಳ್ಳಲು ಹೊತ್ತೇ ಸಿಗದೆ ನಾಡಿ ಹೋಗಿರುತ್ತದೆ. ಮೂರನೆಯದು ‘ಅಸಿಸ್ಟೋಲ್’, ಅಂದರೆ ನಮ್ಮ ಸಪಾಟು ಗೆರೆ. ನಾಲ್ಕನೆಯದು ‘ಪಿಇಎ’, ಅಂದರೆ ನಾಡಿಯಿಲ್ಲದ ವಿದ್ಯುತ್ ಚಟುವಟಿಕೆ. ತೆರೆಯ ಮೇಲೆ ಗೆರೆ ಚೆನ್ನಾಗಿಯೇ ಓಡುತ್ತಿರುತ್ತದೆ, ಕತ್ತಿಗೆ ಬೆರಳಿಟ್ಟರೆ ನಾಡಿಯಿಲ್ಲ. ಸೀರಿಯಲ್‌ಗಳಿಗೆ ಈ ನಾಲ್ಕನೆಯದು ಅಷ್ಟಾಗಿ ಒಗ್ಗುವುದಿಲ್ಲ. ಮಾನಿಟರ್ ಸರಿಯಾಗಿ ಕಾಣುವಾಗ ರೋಗಿ ಸಾಯುತ್ತಿದ್ದಾನೆ ಎಂದು ನೋಡುವವರಿಗೆ ತೋರಿಸುವುದು ಕಷ್ಟ.

ಇವುಗಳಲ್ಲಿ ಶಾಕ್ ಕೊಡುವುದು ಮೊದಲ ಎರಡಕ್ಕೆ ಮಾತ್ರ. ಕಾರ್ಪೊರೇಷನ್ ಸರ್ಕಲ್‌ನಲ್ಲಿ ಸಿಗ್ನಲ್ ಲೆಕ್ಕಿಸದೆ ನಾಲ್ಕೂ ಕಡೆಯಿಂದ ಗಾಡಿ ನುಗ್ಗಿ ಒಂದೂ ಮುಂದೆ ಹೋಗಲಾಗದೆ ಸಿಕ್ಕಿಕೊಂಡಿವೆ ಎಂದುಕೊಳ್ಳಿ. ಟ್ರಾಫಿಕ್ ಪೊಲೀಸರು ಸೀಟಿ ಊದಿ ಎಲ್ಲರನ್ನೂ ಒಂದು ಕ್ಷಣ ನಿಲ್ಲಿಸುತ್ತಾರೆ, ಆಮೇಲೆ ಸಿಗ್ನಲ್ ತನ್ನ ಸರದಿಯಂತೆ ಬಿಡುತ್ತದೆ. ಶಾಕ್ ಕೊಡುವ ಯಂತ್ರ, ಡಿಫಿಬ್ರಿಲೇಟರ್, ಮಾಡುವುದು ಆ ಸೀಟಿಯ ಕೆಲಸ. ಅದುರುತ್ತಿರುವ ಎಲ್ಲ ಎಳೆಗಳನ್ನೂ ಒಮ್ಮೆಗೇ ನಿಲ್ಲಿಸುತ್ತದೆ, ಆಗ ಹೃದಯದ ಮೇಲ್ಭಾಗದಲ್ಲಿರುವ ಸ್ವಂತ ಸಿಗ್ನಲ್, ಸೈನಸ್ ನೋಡ್, ಮತ್ತೆ ಹಿಡಿತಕ್ಕೆ ತೆಗೆದುಕೊಳ್ಳಲು ಅವಕಾಶವಾಗುತ್ತದೆ. ಅಸಿಸ್ಟೋಲ್‌ನಲ್ಲಿ ಸರ್ಕಲ್ ಖಾಲಿ. ನಿಲ್ಲಿಸುವುದಕ್ಕೆ ಗಾಡಿಯೇ ಇಲ್ಲ.

ಶಾಕ್ ಹೃದಯವನ್ನು ‘ಸ್ಟಾರ್ಟ್’ ಮಾಡುತ್ತದೆ ಎಂಬ ನಂಬಿಕೆ ಬಂದಿರುವುದು ಸಪಾಟು ಗೆರೆ ನೋಡಲು ನಾಟಕೀಯವಾಗಿದೆ ಎಂಬ ಒಂದೇ ಕಾರಣಕ್ಕೆ. ನಿಜದಲ್ಲಿ ಸಪಾಟು ಗೆರೆ ಕಂಡ ಕೂಡಲೇ ತಂಡದ ಒಬ್ಬರು ಎದೆ ಒತ್ತುತ್ತಿರುವಾಗಲೇ ಇನ್ನೊಬ್ಬರು ಇಸಿಜಿ ವೈರ್ ಕಳಚಿಕೊಂಡಿದೆಯೇ ಎಂದು ನೋಡುತ್ತಾರೆ, ಗೆರೆಯ ಎತ್ತರ ಹೆಚ್ಚಿಸುವ ಗೇನ್ ಗುಂಡಿ ಒತ್ತುತ್ತಾರೆ, ಹೃದಯವನ್ನು ಇನ್ನೊಂದು ಕೋನದಿಂದ ತೋರಿಸುವ ಬೇರೆ ಲೀಡ್‌ಗೆ ಬದಲಿಸುತ್ತಾರೆ. ತೀರಾ ಸಣ್ಣ ಅಲೆಯ ವಿ-ಫಿಬ್ ಒಂದು ಲೀಡ್‌ನಲ್ಲಿ ಸಪಾಟಾಗಿ ಕಾಣಬಹುದು. ಸ್ಕೇಲ್ ಇಟ್ಟು ಎಳೆದಷ್ಟು ನೇರವಾದ ಗೆರೆ ಕಂಡರೆ ಅನುಭವಸ್ಥ ನರ್ಸ್ ಮೊದಲು ಅನುಮಾನಿಸುವುದು ವೈರನ್ನೇ. ನಿಜವಾದ ಅಸಿಸ್ಟೋಲ್‌ನ ಗೆರೆ ಸಾಮಾನ್ಯವಾಗಿ ಸ್ವಲ್ಪ ಮೇಲೆ ಕೆಳಗೆ ತೇಲುತ್ತಿರುತ್ತದೆ. ಸೀರಿಯಲ್‌ಗಳಲ್ಲಿ ಕಾಣುವುದು ಬಹುಪಾಲು ಕಳಚಿದ ವೈರ್‌ನ ಗೆರೆ!

ಅಸಿಸ್ಟೋಲ್ ಎಂದು ಖಚಿತವಾದರೆ ಎದೆ ಒತ್ತುವುದು, ಅಡ್ರಿನಲಿನ್, ಮತ್ತು ಯಾಕೆ ನಿಂತಿತು ಎಂದು ಹುಡುಕುವುದು ಇಷ್ಟೇ ದಾರಿ. ಡಯಾಲಿಸಿಸ್ ತಪ್ಪಿಸಿಕೊಂಡ ರೋಗಿಯಾದರೆ ಪೊಟ್ಯಾಸಿಯಂ ಏರಿರಬಹುದು, ಕ್ಯಾಲ್ಸಿಯಂ ಕೊಡುತ್ತಾರೆ. ಪುಪ್ಪುಸದ ಹೊರಗೆ ಗಾಳಿ ತುಂಬಿಕೊಂಡಿದ್ದರೆ ಸೂಜಿ ಹಾಕಿ ಬಿಡುತ್ತಾರೆ. ರಕ್ತ ಹೋಗಿದ್ದರೆ ರಕ್ತ ಏರಿಸುತ್ತಾರೆ. ಕಾರಣ ಸಿಕ್ಕಿ ಅದು ಸರಿಹೋಗುವಂಥದ್ದಾದರೆ ಮಾತ್ರ ಬದುಕುವ ಸಾಧ್ಯತೆ ಇರುತ್ತದೆ.

ಮೊಣಕೈ ಬಾಗಿದರೆ ಅದು ನಟನೆ

ತೆರೆಯ ಮೇಲೆ ಅತಿ ಹೆಚ್ಚು ಸುಳ್ಳಾಗುವುದು ಶಾಕ್ ಅಲ್ಲ, ಎದೆ ಒತ್ತುವ ಕೆಲಸ, ಅಂದರೆ ಸಿಪಿಆರ್. ಇದರಲ್ಲಿ ನಿರ್ದೇಶಕರ ತಪ್ಪಿಲ್ಲ. ಸರಿಯಾದ ಸಿಪಿಆರ್‌ನಲ್ಲಿ ದೊಡ್ಡವರ ಎದೆಯ ಮೂಳೆ ಪ್ರತಿ ಸಲ ಕನಿಷ್ಠ 5 ಸೆಂಟಿಮೀಟರ್, ಹೆಚ್ಚೆಂದರೆ 6 ಸೆಂಟಿಮೀಟರ್ ಒಳಕ್ಕೆ ಹೋಗಬೇಕು. ಬದುಕಿರುವ ನಟನ ಎದೆಗೆ ಹಾಗೆ ಮಾಡಿದರೆ ಪಕ್ಕೆಲುಬು ಮುರಿಯುತ್ತದೆ. ಹಾಗಾಗಿ ಮೊಣಕೈ ಬಾಗಿಸಿ ತೋಳನ್ನು ಮೇಲೆ ಕೆಳಗೆ ಆಡಿಸುತ್ತಾರೆ, ಎದೆ ಕದಲುವುದೇ ಇಲ್ಲ.

ನಿಜದಲ್ಲಿ ಅಂಗೈಯ ಬುಡವನ್ನು ಎದೆಯ ನಡುಮೂಳೆಯ ಕೆಳ ಅರ್ಧಕ್ಕೆ ಇಟ್ಟು, ಇನ್ನೊಂದು ಕೈ ಅದರ ಮೇಲೆ ಹೆಣೆದು, ಮೊಣಕೈ ನೇರ ಮಾಡಿ, ಹೆಗಲು ಕೈಯ ನೇರ ಮೇಲೆ ಬರುವಂತೆ ಬಾಗಿ ಸೊಂಟದಿಂದ ಭಾರ ಹಾಕಬೇಕು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಹೃದಯ ಮತ್ತೆ ರಕ್ತದಿಂದ ತುಂಬಿಕೊಳ್ಳುವುದು ಆ ಬಿಡುವಿನಲ್ಲೇ. ಕುಳ್ಳಗಿರುವವರು ಮಂಚದ ಪಕ್ಕ ಸ್ಟೂಲ್ ಹಾಕಿ ನಿಲ್ಲುತ್ತಾರೆ. ವಯಸ್ಸಾದವರಲ್ಲಿ ಮೊದಲ ಕೆಲವು ಒತ್ತಿಗೇ ಪಕ್ಕೆಲುಬು ಲಟಕ್ ಎನ್ನುವುದು ಕೈಗೆ ತಿಳಿಯುತ್ತದೆ. ಕೈಯ ಜಾಗ ಸರಿಯಿದೆಯೇ ಎಂದು ನೋಡಿಕೊಂಡು ಮುಂದುವರಿಸುತ್ತಾರೆ, ನಿಲ್ಲಿಸುವುದಿಲ್ಲ.

ಹಾಸಿಗೆಯೂ ಮೋಸ ಮಾಡುತ್ತದೆ. ಮೆತ್ತಗಿನ ಹಾಸಿಗೆಯ ಮೇಲೆ ಒತ್ತಿದರೆ ಎದೆಯ ಜತೆಗೆ ಹಾಸಿಗೆಯೂ ಕುಸಿಯುತ್ತದೆ. 5 ಸೆಂಟಿಮೀಟರ್ ಒತ್ತಿದೆ ಎಂದು ಕೈಗೆ ಅನಿಸುತ್ತದೆ, ಎದೆ ಒತ್ತಿರುವುದು ಅದಕ್ಕಿಂತ ಕಡಿಮೆ. ಅದಕ್ಕೇ ಬೆನ್ನಿನಡಿ ಗಟ್ಟಿ ಹಲಗೆ ತೂರಿಸುತ್ತಾರೆ. ಬೆನ್ನು ಹುಣ್ಣಾಗದಿರಲೆಂದು ಹಾಕುವ ಗಾಳಿ ಹಾಸಿಗೆಯಾದರೆ, ಒಮ್ಮೆಲೇ ಗಾಳಿ ಬಿಡಿಸಲು ಹಲವು ಹಾಸಿಗೆಗಳಲ್ಲಿ ‘ಸಿಪಿಆರ್’ ಎಂದೇ ಬರೆದ ಪಟ್ಟಿ ಅಥವಾ ಮುಚ್ಚಳ ಇರುತ್ತದೆ. ಅದನ್ನು ಎಳೆಯಬೇಕು.

ಎಷ್ಟೇ ಚೆನ್ನಾಗಿ ಒತ್ತಿದರೂ ಹೃದಯ ತಾನಾಗಿ ತಳ್ಳುವ ರಕ್ತದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಹರಿಯುತ್ತದೆ. ಆ ಒತ್ತಡ ಕಟ್ಟಿಕೊಳ್ಳಲು ಒಂದರ ಹಿಂದೆ ಒಂದು ಹಲವು ಒತ್ತು ಬೇಕು, ನಿಲ್ಲಿಸಿದ ಕೂಡಲೇ ಇಳಿದುಹೋಗುತ್ತದೆ. ನಾಯಕ ಎದೆ ಒತ್ತುವುದನ್ನು ಬಿಟ್ಟು ‘ಕಮಾನ್, ನನ್ನ ಬಿಟ್ಟು ಹೋಗ್ಬೇಡ’ ಎಂದು ಅರ್ಧ ನಿಮಿಷ ಡೈಲಾಗ್ ಹೊಡೆಯುವ ಹೊತ್ತಿನಲ್ಲಿ ಅಷ್ಟೂ ಕೆಲಸ ನೀರುಪಾಲು. ನಿಯಮದ ಪ್ರಕಾರ ಯಾವ ಕಾರಣಕ್ಕೂ 10 ಸೆಕೆಂಡಿಗಿಂತ ಹೆಚ್ಚು ಕೈ ಎತ್ತುವಂತಿಲ್ಲ. ಎರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು. ಸುಸ್ತಾದದ್ದು ಅವರಿಗೇ ಗೊತ್ತಾಗುವ ಮೊದಲೇ ಒತ್ತಿನ ಆಳ ಕಡಿಮೆಯಾಗಿರುತ್ತದೆ.

ಒಂದು ರಾತ್ರಿ, ಹತ್ತು ನಿಮಿಷ

ಉದಾಹರಣೆಗೆ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 56, ಬೆಳಗ್ಗೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ, ಈಗ ಹೃದ್ರೋಗದ ಐಸಿಯುನಲ್ಲಿದ್ದಾರೆ. ರಾತ್ರಿ 2.10ಕ್ಕೆ ಮಾನಿಟರ್ ಕೂಗುತ್ತದೆ. ನರ್ಸ್ ಹೆಗಲು ಅಲುಗಿಸಿ ‘ಸಾರ್, ಸಾರ್, ಕಣ್ಣು ಬಿಡಿ’ ಎನ್ನುತ್ತಾರೆ, ಕತ್ತಿನ ನಾಡಿಗೆ ಬೆರಳಿಡುತ್ತಾರೆ. ನಾಡಿ ಹುಡುಕಲು 10 ಸೆಕೆಂಡು ಮೀರಬಾರದು. ಇಲ್ಲ ಎಂದಾದ ಕೂಡಲೇ ಕೋಡ್ ಬ್ಲೂ ಗುಂಡಿ ಒತ್ತಿ, ಮಂಚದ ಕಂಬಿ ಇಳಿಸಿ, ಒತ್ತಲು ಶುರು ಮಾಡುತ್ತಾರೆ.

2.11ಕ್ಕೆ ಕಾರ್ಟ್ ಬಂದಿದೆ. ಅಂಟುವ ಎರಡು ದೊಡ್ಡ ಪ್ಯಾಡ್, ಒಂದು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ ಪಕ್ಕಕ್ಕೆ. ತೆರೆಯಲ್ಲಿ ವಿ-ಫಿಬ್. ಈಗ ‘ಚಾರ್ಜ್’ ಎಂಬ ಮಾತು. ಈಗಿನ ಯಂತ್ರಗಳು ಬೈಫೇಸಿಕ್, ಅಂದರೆ ಕರೆಂಟ್ ಒಂದು ದಿಕ್ಕಿಗೆ ಹರಿದು ಮರಳುತ್ತದೆ. ಇವುಗಳಲ್ಲಿ ಮೊದಲ ಶಾಕ್ ಯಂತ್ರದ ತಯಾರಕರು ಹೇಳಿದಂತೆ 120ರಿಂದ 200 ಜೌಲ್. ಸೀರಿಯಲ್‌ನವರು ಕೂಗುವ 360 ಹಳೆಯ ಮಾದರಿಯ ಯಂತ್ರಗಳ ಕಾಲದ ಅಂಕಿ. ಯಂತ್ರ ಚಾರ್ಜ್ ಆಗುವ ತನಕ ಎದೆ ಒತ್ತುತ್ತಲೇ ಇರುತ್ತಾರೆ. ‘ಕ್ಲಿಯರ್’ ಎಂದಾಗ ಎಲ್ಲರೂ ಕೈ ತೆಗೆಯುತ್ತಾರೆ, ಮುಟ್ಟಿಕೊಂಡವರಿಗೂ ಕರೆಂಟ್ ಹೊಡೆದೀತು ಎಂದು. ಆಮ್ಲಜನಕದ ಮಾಸ್ಕನ್ನೂ ದೂರ ಇಡುತ್ತಾರೆ, ಕಿಡಿ ಹಾರಿದರೆ ಬೆಂಕಿ ಹತ್ತಬಹುದು. ಹಳೆಯ ಕೈಹಿಡಿಯ ಪ್ಯಾಡಲ್ ಇದ್ದರೂ ಅವನ್ನು ಒಂದಕ್ಕೊಂದು ಉಜ್ಜುವ ಪದ್ಧತಿಯಿಲ್ಲ, ಜೆಲ್ ಹಚ್ಚಿ ಎದೆಗೆ ಒತ್ತಿ ಹಿಡಿಯುತ್ತಾರೆ.

ಶಾಕ್ ಹೋಗುವುದು ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದಷ್ಟು ಹೊತ್ತು. ಎದೆ, ತೋಳಿನ ಸ್ನಾಯುಗಳು ಒಮ್ಮೆ ಬಿಗಿದು ಮೈ ಬೆಚ್ಚಿದಂತಾಗುತ್ತದೆ, ಅಷ್ಟೇ. ಗಾಳಿಯಲ್ಲಿ ಏಳುವುದು ಕ್ಯಾಮೆರಾಕ್ಕಾಗಿ. ಇನ್ನೊಂದು ವ್ಯತ್ಯಾಸ ನೋಡಿ: ಶಾಕ್ ಆದ ಮೇಲೆ ಸೀರಿಯಲ್‌ನಲ್ಲಿ ಎಲ್ಲರೂ ಮಾನಿಟರ್ ದಿಟ್ಟಿಸುತ್ತಾರೆ. ನಿಜದ ತಂಡ ಅದನ್ನು ನೋಡದೆ ಮರುಕ್ಷಣವೇ ಮತ್ತೆ ಎರಡು ನಿಮಿಷ ಒತ್ತುತ್ತದೆ. ಅದುರುವುದು ನಿಂತರೂ ಹೃದಯಕ್ಕೆ ತಕ್ಷಣ ರಕ್ತ ತಳ್ಳುವ ಶಕ್ತಿ ಬಂದಿರುವುದಿಲ್ಲ.

2.13ಕ್ಕೆ ನೋಡಿದರೆ ಇನ್ನೂ ವಿ-ಫಿಬ್. ಎರಡನೇ ಶಾಕ್. ಈಗ ಅಮೆರಿಕನ್ ಸರಣಿಗಳಲ್ಲಿ ಕೇಳುವ ‘ಒನ್ ಆಫ್ ಎಪಿ’. ಎಪಿ ಎಂದರೆ ಎಪಿನೆಫ್ರಿನ್, ನಮ್ಮ ಆಸ್ಪತ್ರೆಗಳಲ್ಲಿ ಹೇಳುವ ಅಡ್ರಿನಲಿನ್‌ನದೇ ಇನ್ನೊಂದು ಹೆಸರು. ಒಂದು ಎಂದರೆ 1 ಮಿಲಿಗ್ರಾಂ. ಕೈಯ ರಕ್ತನಾಳಕ್ಕೆ ಕೊಟ್ಟು, ಹಿಂದೆಯೇ 20 ಮಿಲಿ ಸಲೈನ್ ತಳ್ಳಿ, ಕೈಯನ್ನು ಮೇಲಕ್ಕೆತ್ತಿ ಹಿಡಿಯುತ್ತಾರೆ. ಹರಿವು ಅಷ್ಟು ನಿಧಾನವಿರುವಾಗ ಔಷಧಿ ಮೊಣಕೈಯಲ್ಲೇ ಉಳಿಯಬಾರದಲ್ಲ. ಪ್ರತಿ 3ರಿಂದ 5 ನಿಮಿಷಕ್ಕೊಮ್ಮೆ ಇದೇ ಪ್ರಮಾಣ. ಉದ್ದ ಸೂಜಿಯನ್ನು ನೇರ ಎದೆಗೆ ಚುಚ್ಚಿ ಹೃದಯಕ್ಕೇ ಔಷಧಿ ಬಿಡುವ ದೃಶ್ಯ ಸಿನಿಮಾದವರಿಗೆ ಇಷ್ಟ. ಹಿಂದೆ ಮಾಡುತ್ತಿದ್ದರು, ಕೈಬಿಟ್ಟಿದ್ದಾರೆ. ಚುಚ್ಚಲು ಎದೆ ಒತ್ತುವುದನ್ನು ನಿಲ್ಲಿಸಬೇಕು, ಪುಪ್ಪುಸ ತೂತಾಗಬಹುದು, ಹೃದಯದ ರಕ್ತನಾಳವೇ ಹರಿಯಬಹುದು, ಲಾಭವಂತೂ ಹೆಚ್ಚಿಲ್ಲ.

2.15. ಮೂರನೇ ಶಾಕ್, ಜತೆಗೆ ಅಮಿಯೋಡರೋನ್ 300 ಮಿಲಿಗ್ರಾಂ. ಅದುರುವಿಕೆ ಮರುಕಳಿಸದಿರಲು ಕೊಡುವ ಔಷಧಿ ಇದು. ಅಷ್ಟರಲ್ಲಿ ಅರಿವಳಿಕೆ ಡಾಕ್ಟರು ಶ್ವಾಸನಾಳಕ್ಕೆ ಟ್ಯೂಬ್ ಹಾಕಿದ್ದಾರೆ, ಇದೇ ಇಂಟ್ಯುಬೇಷನ್. ಇಲ್ಲಿ ನಿಜದ ತಂಡಗಳೂ ಎಡವುತ್ತವೆ. ಗಾಬರಿಯಲ್ಲಿ, ಕೈಯಿಂದ ಉಸಿರು ತಳ್ಳುವ ಆಂಬು ಬ್ಯಾಗನ್ನು ಪಟಪಟನೆ ಹಿಸುಕುತ್ತಾರೆ. ಟ್ಯೂಬ್ ಹಾಕಿದ ಮೇಲೆ 6 ಸೆಕೆಂಡಿಗೆ ಒಂದೇ ಉಸಿರು ಸಾಕು. ಅದಕ್ಕಿಂತ ಹೆಚ್ಚಾದರೆ ಎದೆಯೊಳಗೆ ಒತ್ತಡ ಏರಿ ಹೃದಯಕ್ಕೆ ರಕ್ತ ವಾಪಸ್ ಬರುವುದೇ ತಗ್ಗುತ್ತದೆ.

ಟ್ಯೂಬಿಗೆ ಸಿಕ್ಕಿಸಿದ ಒಂದು ಸಣ್ಣ ಸಾಧನ ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುತ್ತದೆ. ಅದನ್ನು ಕ್ಯಾಪ್ನೋಗ್ರಫಿ ಎನ್ನುತ್ತಾರೆ. ಪುಪ್ಪುಸಕ್ಕೆ ರಕ್ತ ಹೋದಷ್ಟೂ ಈ ಅಂಕಿ ಏರುತ್ತದೆ, ಆದ್ದರಿಂದ ಒತ್ತುವ ಕೆಲಸ ಹೇಗಿದೆ ಎಂಬುದಕ್ಕೆ ಅದೇ ಸಾಕ್ಷಿ. ನಮ್ಮ ರೋಗಿಯಲ್ಲಿ 14 ತೋರಿಸುತ್ತಿತ್ತು, ಒತ್ತುವವರು ಬದಲಾದ ಮೇಲೆ 21ಕ್ಕೆ ಏರಿತು. 2.17ಕ್ಕೆ ನಾಲ್ಕನೇ ಶಾಕ್, ಎರಡನೇ ಅಡ್ರಿನಲಿನ್. 2.18 ದಾಟುತ್ತಿದ್ದಂತೆ ಅಂಕಿ ಇದ್ದಕ್ಕಿದ್ದಂತೆ 39ಕ್ಕೆ ಹಾರುತ್ತದೆ. ಮುಂದಿನ ತಪಾಸಣೆಯಲ್ಲಿ ಗೆರೆ ಕ್ರಮದಲ್ಲಿದೆ, ಕತ್ತಿನಲ್ಲಿ ನಾಡಿ ಸಿಗುತ್ತದೆ. ಇದಕ್ಕೆ ಹೇಳುವ ಪದ ‘ರಾಸ್ಕ್’, ರಕ್ತಸಂಚಾರ ತಾನಾಗಿ ಮರಳಿದೆ ಎಂದು. ಇಷ್ಟು ಹೊತ್ತೂ ಒಬ್ಬರು ಬೇರೇನೂ ಮಾಡದೆ ಗಡಿಯಾರ ನೋಡಿ ಬರೆದುಕೊಳ್ಳುತ್ತ, ‘ಎರಡು ನಿಮಿಷ ಆಯ್ತು’ ಎಂದು ಕೂಗುತ್ತ ನಿಂತಿರುತ್ತಾರೆ. ಆ ಪಾತ್ರಕ್ಕೆ ಸೀರಿಯಲ್‌ನಲ್ಲಿ ನಟರೇ ಇರುವುದಿಲ್ಲ.

ಕಣ್ಣು ಬಿಡುವುದು ಯಾವಾಗ?

ರಾಸ್ಕ್ ಆದ ಕೂಡಲೇ ರೋಗಿ ಎದ್ದು ಕೂರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಬಿಪಿ 80ರ ಮೇಲೆ ಏಳುತ್ತಿಲ್ಲ, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಹನಿ ಶುರುವಾಗುತ್ತದೆ. ಬೆಳಗ್ಗೆ ಹಾಕಿದ ಸ್ಟೆಂಟ್‌ನಲ್ಲಿ ಮತ್ತೆ ಹೆಪ್ಪು ಕಟ್ಟಿದೆಯೇ ಎಂದು ತಿಳಿಯಲು ಇಸಿಜಿ ತೆಗೆದು, ಆಂಜಿಯೋಗ್ರಾಂ ಮಾಡುವ ಕ್ಯಾತ್‌ಲ್ಯಾಬ್‌ಗೆ ಒಯ್ಯುತ್ತಾರೆ. ಆಮೇಲೆ ವೆಂಟಿಲೇಟರ್, ಜ್ವರ ಬಾರದಂತೆ ಮೈಬಿಸಿಯ ಹತೋಟಿ. ಎಚ್ಚರವಾಗದಿದ್ದರೆ ಮೆದುಳಿಗೆ ಎಷ್ಟು ಪೆಟ್ಟಾಗಿದೆ ಎಂದು ಹೇಳಲು ಕನಿಷ್ಠ 72 ಗಂಟೆ ಕಾಯುತ್ತಾರೆ. ‘ನಾಡಿ ಬಂದಿದೆ, ಆದರೆ ಇನ್ನೂ ಏನೂ ಹೇಳಕ್ಕಾಗಲ್ಲ’ ಎಂದು ಡಾಕ್ಟರು ಅಂದರೆ ಅದು ಜಾರಿಕೊಳ್ಳುವ ಮಾತಲ್ಲ.

1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಸಂಶೋಧಕರು ಅಮೆರಿಕದ ಮೂರು ಟಿವಿ ಸರಣಿಗಳ 97 ಕಂತುಗಳನ್ನು ಕೂತು ನೋಡಿ, ಅದರಲ್ಲಿನ 60 ಸಿಪಿಆರ್ ದೃಶ್ಯಗಳನ್ನು ಎಣಿಸಿದ್ದರು. ತಕ್ಷಣಕ್ಕೆ ಬದುಕಿದವರು ಶೇ. 75, ಬದುಕಿ ಮನೆಗೆ ಹೋದಂತೆ ಕಂಡವರು ಶೇ. 67. ಅದೇ ಅಮೆರಿಕದ ಆಸ್ಪತ್ರೆಗಳ ದಾಖಲೆಯಲ್ಲಿ, ಆಸ್ಪತ್ರೆಯೊಳಗೇ ಅರೆಸ್ಟ್ ಆದ ವಯಸ್ಕರಲ್ಲಿ ಮನೆಗೆ ಮರಳುವವರು ನಾಲ್ಕೈದು ಜನರಲ್ಲಿ ಒಬ್ಬರು. ವಿ-ಫಿಬ್ ಆಗಿದ್ದವರಲ್ಲಿ ಹೆಚ್ಚು, ಸಪಾಟು ಗೆರೆಯವರಲ್ಲಿ ಬಹಳ ಕಡಿಮೆ.

ಮನೆಯಲ್ಲಿ ಆದರೆ

ಸೀರಿಯಲ್ ತೋರಿಸದ ಒಂದು ಸಂಗತಿ ಬೆಂಗಳೂರಿನ ಮನೆ, ಕಚೇರಿ, ಜಿಮ್‌ಗಳಲ್ಲಿ ಜೀವಕ್ಕೆ ಸಂಬಂಧಿಸಿದ್ದು. ತೆರೆಯ ಮೇಲೆ ಹೃದಯ ನಿಂತವರು ಸದ್ದಿಲ್ಲದೆ ಮಲಗಿರುತ್ತಾರೆ. ನಿಜದಲ್ಲಿ ಕುಸಿದುಬಿದ್ದ ಮೊದಲ ಕೆಲವು ನಿಮಿಷ ಹಲವರು ಬಾಯಿ ತೆರೆದು, ಬಿಟ್ಟು ಬಿಟ್ಟು, ಗೊರಕೆಯಂತೆ ಎಳೆಯುತ್ತಾರೆ. ಕೆಲವರಿಗೆ ಕೈಕಾಲು ಒಮ್ಮೆ ಸೆಟೆದು ಫಿಟ್ಸ್‌ನಂತೆ ಕಾಣುತ್ತದೆ. ಸುತ್ತ ನಿಂತವರು ‘ಉಸಿರಾಡ್ತಿದ್ದಾರೆ, ಗಾಳಿ ಬಿಡ್ರಿ’ ಎನ್ನುತ್ತಾರೆ, ಕೈಗೆ ಬೀಗದಕೈ ಹಿಡಿಸುತ್ತಾರೆ. ಆ ಎಳೆತ ಉಸಿರಾಟವಲ್ಲ, ಮೆದುಳಿನ ಬುಡದ ಕೊನೆಯ ಪ್ರತಿಕ್ರಿಯೆ. ಕರೆದರೆ ಓಗೊಡುತ್ತಿಲ್ಲ, ಉಸಿರು ಮಾಮೂಲಿಯಾಗಿಲ್ಲ, ಇಷ್ಟು ಗೊತ್ತಾದರೆ ಸಾಕು. ನಾಡಿ ಹುಡುಕುತ್ತ ಕೂರಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿ, ಇನ್ನೊಬ್ಬರು ರೋಗಿಯನ್ನು ಮಂಚದಿಂದ ನೆಲಕ್ಕಿಳಿಸಿ ಒತ್ತಲು ಶುರು ಮಾಡಿ.

ಭಾರತದ ಅರಿವಳಿಕೆ ತಜ್ಞರ ಸಂಘ ಸಾಮಾನ್ಯ ಜನರಿಗೆಂದು ರೂಪಿಸಿದ ಕ್ರಮದಲ್ಲಿ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಇಲ್ಲವೇ ಇಲ್ಲ, ಎದೆ ಒತ್ತುವುದು ಮಾತ್ರ. ಮುಳುಗಿದವರಿಗೆ, ಮಕ್ಕಳಿಗೆ ಉಸಿರಿನ ಕೊರತೆಯೇ ಮೂಲ ಕಾರಣವಾಗಿರುವುದರಿಂದ, ಕಲಿತವರಿದ್ದರೆ ಉಸಿರನ್ನೂ ಕೊಡಬೇಕು. ಒತ್ತುವ ವಿಧಾನ ಮೇಲೆ ಹೇಳಿದ್ದೇ. ಇಬ್ಬರಿದ್ದರೆ ಎರಡೆರಡು ನಿಮಿಷಕ್ಕೆ ಬದಲಾಗಿ, ಬದಲಾಗುವಾಗ ಮುಂದಿನವರು ಎದುರು ಬದಿಯಲ್ಲಿ ಮೊದಲೇ ಮಂಡಿಯೂರಿ ಕೈ ಸಿದ್ಧ ಮಾಡಿಕೊಂಡಿರಲಿ. ಆಂಬುಲೆನ್ಸ್ ಗೇಟಿಗೆ ಬಂದ ಸದ್ದು ಕೇಳಿ ಎಲ್ಲರೂ ಎದ್ದು ಹೋಗುವುದು ಸಾಮಾನ್ಯವಾಗಿ ಆಗುವ ತಪ್ಪು. ಲಿಫ್ಟ್ ಹಿಡಿದು ದಾರಿ ತೋರಿಸಲು ಒಬ್ಬರು ಹೋದರೆ ಸಾಕು, ಒತ್ತುತ್ತಿರುವವರು 108ರ ಸಿಬ್ಬಂದಿ ಪಕ್ಕದಲ್ಲಿ ಕೂತು ‘ಬಿಡಿ, ನಾವು ನೋಡ್ಕೋತೀವಿ’ ಎನ್ನುವವರೆಗೆ ಕೈ ತೆಗೆಯಬಾರದು.